ಸ್ಟುಟ್‌ಗಾರ್ಟ್‌ನಲ್ಲೊಂದು ಕಿರಾಣಿ ಅಂಗಡಿ: ಲೆಕ್ಕ ಹಾಕಿ ನೋಡೋಣ ಬನ್ನಿ

ಮಗಳೋ ಸೊಸೆಯೋ ವಿದೇಶದಲ್ಲಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತೆ. "ಅಮ್ಮಾ, ಇಲ್ಲಿ ಎಲ್ಲ ಸಿಗುತ್ತೆ, ಆದ್ರೆ ಬ್ಯಾಡಗಿ ಮೆಣಸಿನಕಾಯಿ ಸಿಗಲ್ಲ. ಇಡ್ಲಿ ರವೆ ಇದೆ, ಬನ್ಸಿ ರವೆ ಇಲ್ಲ. ಹುಳಿಪುಡಿ ಅಂತ ತಂದರೆ ಅದು ಸಾಂಬಾರ್ ಪೌಡರ್ ಆಗಿರುತ್ತೆ." ಈ ಕೊರಗು ಕೇಳಿ ಕೇಳಿ ಒಂದು ದಿನ ಯಾರಿಗಾದರೂ ಅನ್ನಿಸಿಯೇ ಅನ್ನಿಸುತ್ತದೆ, ನಾವೇ ಒಂದು ಅಂಗಡಿ ಯಾಕೆ ತೆಗೀಬಾರದು?

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ನನ್ನ ಸೋದರತ್ತೆಯ ಮಗಳಿಗೂ ಹಾಗೇ ಅನ್ನಿಸಿದೆ. ಆ ಊರಿಗೂ ನಮ್ಮ ಬೆಂಗಳೂರಿಗೂ ನಂಟು ಹೊಸದೇನಲ್ಲ. ಬಾಷ್ ಕಂಪನಿಯ ಮೂಲ ನೆಲೆ ಸ್ಟುಟ್‌ಗಾರ್ಟ್ ಪಕ್ಕದಲ್ಲಿ, ಭಾರತದ ಮುಖ್ಯ ಕಚೇರಿ ಬೆಂಗಳೂರಿನಲ್ಲಿ. ಮರ್ಸಿಡಿಸ್ ಕೂಡ ಅಲ್ಲಿಯದೇ, ಅದರ ಸಂಶೋಧನಾ ಕೇಂದ್ರವೂ ನಮ್ಮಲ್ಲಿದೆ. ಹಾಗಾಗಿ ಆ ಊರಿನ ಫ್ಲ್ಯಾಟುಗಳಲ್ಲಿ ಒಗ್ಗರಣೆ ವಾಸನೆ ಬಂದರೆ ಆಶ್ಚರ್ಯವಿಲ್ಲ. "ಅಕ್ಕಾ, ನೀನು ಅಲ್ಲಿಂದ ಸಾಮಾನು ಕಳಿಸು, ನಾನು ಇಲ್ಲಿ ಮಾರ್ತೀನಿ" ಅಂದಳು. ಕೇಳಲು ಇಷ್ಟು ಸುಲಭದ ಮಾತು ಇನ್ನೊಂದಿಲ್ಲ! ಆದರೆ ಕಾಗದ ಪೆನ್ನು ಹಿಡಿದು ಕೂತಾಗ ಗೊತ್ತಾಗಿದ್ದು, ಈ ವ್ಯಾಪಾರದ ಜೀವ ಇರುವುದು ಪೊಟ್ಟಣದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದ ತಾರೀಖಿನಲ್ಲಿ. ನಾವು ಹಾಕಿದ ಲೆಕ್ಕವನ್ನೇ ಇಲ್ಲಿ ಕೊಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಇಂಥ ಆಸೆ ಇದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ವೀಸಾ ಕಾರ್ಡ್ ಓದಿ

ಅಂಗಡಿ ಯಾರ ಹೆಸರಿನಲ್ಲಿ ಎಂಬುದು ಮೊದಲ ಪ್ರಶ್ನೆ. ಜರ್ಮನಿಯಲ್ಲಿ ಕಂಪನಿ ಕೆಲಸಕ್ಕೆಂದು ಬ್ಲೂ ಕಾರ್ಡ್ ಪಡೆದು ಹೋದ ಗಂಡ ತನ್ನ ಹೆಸರಿನಲ್ಲಿ ಬೇರೆ ವ್ಯಾಪಾರ ಮಾಡಬೇಕಾದರೆ ಅಲ್ಲಿನ ವಿದೇಶಿಯರ ಕಚೇರಿಯ ಅನುಮತಿ ಬೇಕು. ಆದರೆ ಕುಟುಂಬ ವೀಸಾದಲ್ಲಿ ಹೋದ ಹೆಂಡತಿಯ ಕಾರ್ಡಿನಲ್ಲಿ ಸಾಮಾನ್ಯವಾಗಿ "ಎರ್ವೆರ್ಬ್ಸ್‌ಟೇಟಿಗ್‌ಕೈಟ್ ಎರ್‌ಲೌಬ್ಟ್" ಅಥವಾ "ಗೆಸ್ಟಾಟೆಟ್" ಎಂದಿರುತ್ತದೆ. ಅಂದರೆ ಸಂಬಳದ ಕೆಲಸವನ್ನೂ ಮಾಡಬಹುದು, ಸ್ವಂತ ವ್ಯಾಪಾರವನ್ನೂ ಮಾಡಬಹುದು. ಗೃಹಿಣಿಯ ಹೆಸರಿನಲ್ಲೇ ಅಂಗಡಿ ಇರುವುದಕ್ಕೆ ಇದೊಂದು ಒಳ್ಳೆಯ ಕಾರಣ ಅಲ್ಲವೇ? ಆ ಮೇಲೆ ಊರಿನ ವ್ಯಾಪಾರ ಕಚೇರಿಯಲ್ಲಿ ಅಂಗಡಿಯನ್ನು ನೋಂದಾಯಿಸಬೇಕು. ಆಹಾರ ತಪಾಸಣೆಯವರು ಮುನ್ಸೂಚನೆ ಇಲ್ಲದೆ ಬಂದು ನೋಡುತ್ತಾರೆ. ಭಾನುವಾರ ಅಲ್ಲಿ ಅಂಗಡಿ ತೆರೆಯುವಂತಿಲ್ಲ. ನಮ್ಮವರು ಸಾಮಾನಿಗೆ ಬರುವುದು ಶನಿವಾರವೇ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಕಂಟೇನರ್ ತರಿಸುವ ಆಸೆ ಬೇಡ

ಎಲ್ಲರೂ ಮೊದಲು ಕೇಳುವುದು, "ನೇರವಾಗಿ ಇಲ್ಲಿಂದಲೇ ತರಿಸಿದರೆ ಅಗ್ಗ ಆಗಲ್ವಾ?" ಎಂದು. ಅಕ್ಕಿಯನ್ನೇ ತಗೊಳ್ಳಿ. ಚಿಕ್ಕ ಅಳತೆಯ, ಅಂದರೆ 20 ಅಡಿಯ ಕಂಟೇನರ್ ಒಂದರಲ್ಲಿ ಸುಮಾರು 20 ಟನ್ ಅಕ್ಕಿ ಹಿಡಿಯುತ್ತದೆ. ಅಂಗಡಿಗೆ ಕಾಯಂ ಬರುವ ಮನೆಗಳು 150 ಎಂದಿಟ್ಟುಕೊಳ್ಳೋಣ. ಮನೆಗೆ ತಿಂಗಳಿಗೆ 10 ಕೆಜಿ ಸೋನಾ ಮಸೂರಿ ಎಂದರೂ ತಿಂಗಳಿಗೆ ಒಂದೂವರೆ ಟನ್ ಆಯಿತು. ಒಂದು ಕಂಟೇನರ್ ಖಾಲಿಯಾಗಲು ಹದಿಮೂರು ತಿಂಗಳು ಬೇಕು! ಅಷ್ಟು ದಿನ ಆ ಹಣ ಅಕ್ಕಿ ಮೂಟೆಯಲ್ಲಿ ಕೂತಿರುತ್ತದೆ, ಗೋದಾಮಿಗೆ ಬಾಡಿಗೆ ಬೇರೆ. ಅಕ್ಕಿಗೆ ಎರಡು ವರ್ಷದ ಅವಧಿ ಇದೆ ನಿಜ, ನುಸಿಗೆ ಆ ತಾರೀಖು ಓದಲು ಬರುವುದಿಲ್ಲವಲ್ಲ!

ಬೆಲೆಗಿಂತ ದೊಡ್ಡ ತೊಡಕು ಇನ್ನೊಂದಿದೆ. ಯುರೋಪಿನ ಒಳಗೆ ಸಾಮಾನು ತಂದವರೇ ಅದಕ್ಕೆ ಜವಾಬ್ದಾರರು. ಅಲ್ಲಿ ಬೆಳೆಗಳಲ್ಲಿ ಉಳಿದ ಕೀಟನಾಶಕಕ್ಕೆ ತುಂಬ ಬಿಗಿಯಾದ ಮಿತಿ ಇದೆ. ಹಲವು ಔಷಧಿಗಳಿಗೆ ಅದು ಕೆಜಿಗೆ 0.01 ಮಿಲಿಗ್ರಾಂ. ಭತ್ತದ ಬೆಂಕಿರೋಗಕ್ಕೆ ನಮ್ಮ ರೈತರು ಹೊಡೆಯುವ ಟ್ರೈಸೈಕ್ಲಜೋಲ್ ಎಂಬ ಔಷಧಿಗೆ 2018ರಲ್ಲಿ ಈ ಮಿತಿ ಬಂದು, ನಮ್ಮ ಅಕ್ಕಿ ರಫ್ತುದಾರರೆಲ್ಲ ತಲೆ ಕೆಡಿಸಿಕೊಂಡಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಅನಿಲದ ಉಳಿಕೆ ಇದೆ ಎಂದು ಬೆಲ್ಜಿಯಂ ಎಚ್ಚರಿಸಿತು. ಆಮೇಲೆ ಯುರೋಪಿನ ತುಂಬ ಆ ಎಳ್ಳು ಹಾಕಿದ ಬ್ರೆಡ್ಡು, ಬಿಸ್ಕತ್ತು ಅಂಗಡಿಗಳಿಂದ ವಾಪಸ್ ಹೋದವು. ಮಸಾಲೆಯಲ್ಲಿ ರೋಗಾಣು ಸಾಯಲೆಂದು ಈ ಅನಿಲ ಬಳಸುವುದುಂಟು. ಯುರೋಪಿನಲ್ಲಿ ಆಹಾರಕ್ಕೆ ಅದನ್ನು ಬಳಸುವಂತಿಲ್ಲ, ಹಬೆಯಲ್ಲಿ ಶುದ್ಧ ಮಾಡಿದ ಮಸಾಲೆ ಬೇಕು. ಒಣಮೆಣಸಿನಕಾಯಿ, ಕಡಲೆಬೀಜ ತೇವದಲ್ಲಿ ಒಣಗಿದ್ದರೆ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷದ ಪರೀಕ್ಷೆಯೂ ಇದೆ. ಒಂದು ಮಾದರಿ ಫೇಲಾದರೆ ಆ ಸರಕಷ್ಟೂ ಬಂದರಿನಲ್ಲೇ ನಾಶವಾದೀತು ಅಥವಾ ವಾಪಸ್ ಬಂದೀತು. ಖರ್ಚು ತಂದವರದ್ದೇ.

ಆದ್ದರಿಂದ ಮೊದಲ ವರ್ಷ ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿರುವ ಏಷ್ಯನ್ ಸಾಮಾನಿನ ಹೋಲ್‌ಸೇಲ್‌ನವರಿಂದಲೇ ಖರೀದಿ ಎಂದು ನಾವು ತೀರ್ಮಾನಿಸಿದೆವು. ಅವರು ಪೂರ್ತಿ ಕಂಟೇನರ್ ತರಿಸಿ, ಪರೀಕ್ಷೆ ಮಾಡಿಸಿ, ಜರ್ಮನ್ ಲೇಬಲ್ ಅಂಟಿಸಿ ಕೊಡುತ್ತಾರೆ. ಕೆಜಿಗೆ ನಾಲ್ಕು ಸೆಂಟ್ ಹೆಚ್ಚಾದರೂ ರಾತ್ರಿ ನಿದ್ದೆ ಬರುತ್ತದೆ. ಬ್ಯಾಡಗಿ, ಬನ್ಸಿ ರವೆ, ಹುಳಿಪುಡಿಯಂಥ ನಮ್ಮದೇ ಸಾಮಾನನ್ನು ಅವರ ಮುಂದಿನ ಕಂಟೇನರಿನಲ್ಲಿ ಒಂದು ಮೂಲೆಯಷ್ಟು ಸೇರಿಸಿ ತರಿಸಿಕೊಡಿ ಎಂದು ಕೇಳಬಹುದು. ಇಷ್ಟು ಬಾಕ್ಸ್ ಖಂಡಿತ ನಾನೇ ಕೊಳ್ಳುತ್ತೇನೆ ಎಂದು ಬರೆದುಕೊಟ್ಟರೆ ಅವರೂ ಒಪ್ಪುತ್ತಾರೆ.

ತಾರೀಖಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ನಿಮ್ಮ ಮನೆ ಪಕ್ಕದ ಅಂಗಡಿಗೆ ಚಟ್ನಿಪುಡಿ ಬರಲು ಒಂದು ವಾರ ಸಾಕು. ಅದೇ ಪೊಟ್ಟಣ ಸ್ಟುಟ್‌ಗಾರ್ಟ್ ತಲುಪಲು ಎಷ್ಟು ದಿನ? ಹಂತ ಹಂತವಾಗಿ ಬರೆದುಕೊಳ್ಳಿ.

ಪುಡಿ ತಯಾರಾಗಿ ಪ್ಯಾಕ್ ಆದ ದಿನದಿಂದಲೇ ಗಡಿಯಾರ ಶುರು. ಆರ್ಡರ್ ಪೂರ್ತಿಯಾಗುವವರೆಗೆ ತಯಾರಕರ ಹತ್ತಿರ 15 ದಿನ. ಬೇರೆಯವರ ಸರಕಿನ ಜೊತೆ ಕಂಟೇನರ್ ತುಂಬಿ, ಕಾಗದಪತ್ರ ಮುಗಿದು ಹಡಗು ಹತ್ತಲು 10 ದಿನ. ಚೆನ್ನೈನಿಂದ ಹ್ಯಾಂಬರ್ಗ್‌ವರೆಗೆ, ಮಧ್ಯೆ ಹಡಗು ಬದಲಿಸಿಕೊಂಡು, 45 ದಿನ ಎಂದು ಹಿಡಿಯೋಣ. ಬಂದರಿನಲ್ಲಿ ಕಸ್ಟಮ್ಸ್, ತಪಾಸಣೆಗೆ 10 ದಿನ. ಹೋಲ್‌ಸೇಲ್‌ನವರ ಗೋದಾಮಿನಲ್ಲಿ ಇಳಿಸಿ, ಸ್ಟಿಕ್ಕರ್ ಅಂಟಿಸಿ, ಅಂಗಡಿಗೆ ಬರಲು ಇನ್ನು 10 ದಿನ. ಕೂಡಿಸಿದರೆ 90 ದಿನ, ಸರಿಯಾಗಿ ಮೂರು ತಿಂಗಳು!

ಚಟ್ನಿಪುಡಿಯ ಅವಧಿ ಆರು ತಿಂಗಳು, ಅಂದರೆ 180 ದಿನ. ಅಂಗಡಿಯ ಶೆಲ್ಫ್ ಏರುವಾಗ ಉಳಿದಿದ್ದು 90 ದಿನ. ಆ 90 ದಿನವೂ ಮಾರಬಹುದೇ? ಇಲ್ಲ. ಕೊಂಡವರ ಮನೆಯಲ್ಲಿ ಅದು ಒಂದು ತಿಂಗಳಾದರೂ ಇರಬೇಡವೇ? "ಮುಂದಿನ ವಾರ ಮುಗಿಯುವ ಪುಡಿ ಕೊಟ್ಟಿದ್ದಾರೆ" ಎಂದು ಒಬ್ಬರು ಹೇಳಿದರೆ ಸಾಕು, ಸಣ್ಣ ಊರಿನ ಕನ್ನಡದವರ ಮಧ್ಯೆ ಸುದ್ದಿ ಹಬ್ಬಲು ಸಂಜೆವರೆಗೂ ಬೇಡ. ಆದ್ದರಿಂದ ಮಾರಾಟಕ್ಕೆ ನಿಜವಾಗಿ ಸಿಗುವುದು 60 ದಿನ ಮಾತ್ರ.

ಆ 150 ಮನೆಗಳಲ್ಲಿ ಮೂರನೇ ಒಂದು ಭಾಗ ತಿಂಗಳಿಗೆ ಒಂದು ಪೊಟ್ಟಣ ಕೊಂಡರೆ ತಿಂಗಳಿಗೆ 50 ಪೊಟ್ಟಣ, 60 ದಿನಕ್ಕೆ 100. ಬಾಕ್ಸಿಗೆ 48 ಪೊಟ್ಟಣ ಇದ್ದರೆ ಎರಡು ಬಾಕ್ಸ್, ಒಟ್ಟು 96. ಅದಕ್ಕಿಂತ ಒಂದು ಬಾಕ್ಸ್ ಹೆಚ್ಚಾದರೂ ಅದು ಕಸದ ಬುಟ್ಟಿಗೇ ಎಂದು ತಿಳಿಯಿರಿ. "ಮೂರು ಬಾಕ್ಸ್ ತಗೊಂಡ್ರೆ ಡಿಸ್ಕೌಂಟ್ ಕೊಡ್ತೀನಿ" ಎಂಬ ಮಾತಿಗೆ ಮರುಳಾಗುವ ಮುಂಚೆ ಈ ಲೆಕ್ಕ ನೆನಪಿರಲಿ.

ಇದೇ ಅಳತೆಗೋಲನ್ನು ನಿಪ್ಪಟ್ಟಿಗೆ ಹಾಕಿ ನೋಡಿ. ಅದರ ಅವಧಿ ನಾಲ್ಕು ತಿಂಗಳು, 120 ದಿನ. ದಾರಿಯಲ್ಲಿ 90 ಹೋಯಿತು, ಕೊಂಡವರ ಮನೆಗೆ 30 ಬಿಟ್ಟರೆ ಮಾರಲು ಉಳಿದಿದ್ದು ಸೊನ್ನೆ! ಕೋಡುಬಳೆ, ಕಾಂಗ್ರೆಸ್ ಕಡಲೆಬೀಜ ಮುಂತಾದ ಕರಿದ, ಎಣ್ಣೆ ಹೆಚ್ಚಿರುವ ತಿಂಡಿಗಳ ಕಥೆಯೂ ಇದೇ. ಹಡಗಿನಲ್ಲಿ ಬರುವ ಪಟ್ಟಿಯಿಂದ ಅವನ್ನು ತೆಗೆದುಹಾಕಿ. ಹಬ್ಬದ ಹೊತ್ತಿಗೆ ಮುಂಗಡ ಆರ್ಡರ್ ತೆಗೆದುಕೊಂಡು ವಿಮಾನದಲ್ಲಿ ಬರುವ ಸರಕಿನೊಡನೆ ಸ್ವಲ್ಪವೇ ತರಿಸಬಹುದು. ಬೆಲೆ ಹೆಚ್ಚೇ ಆಗುತ್ತದೆ, ಆದರೆ ದೀಪಾವಳಿಗೆ ಕೊಳ್ಳುವವರು ಕೊಳ್ಳುತ್ತಾರೆ.

ಅಕ್ಕಿ, ಬೇಳೆ, ಹುಣಸೆಹಣ್ಣು, ಉಪ್ಪಿನಕಾಯಿ, ಸಬ್ಬಕ್ಕಿ ಹಪ್ಪಳ ಇವುಗಳಿಗೆ ವರ್ಷ ಅಥವಾ ಅದಕ್ಕಿಂತ ಹೆಚ್ಚು ಅವಧಿ ಇರುವುದರಿಂದ ತೊಂದರೆಯಿಲ್ಲ. ಹಿಟ್ಟುಗಳು ಮಧ್ಯದಲ್ಲಿ ಬರುತ್ತವೆ. ಇಡೀ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ ಎಂದು ನಮ್ಮ ಹಗೇವು ಕಂಡ ಅಜ್ಜಿಯರಿಗೆಲ್ಲ ಗೊತ್ತು. ಆದರೆ ಹಿಟ್ಟಾದ ಕೂಡಲೇ ದಿನ ಎಣಿಸಬೇಕು.

ಹಡಗು ತಡವಾದರೆ?

ತಡವಾಗಿಯೇ ಆಗುತ್ತದೆ ಎಂದುಕೊಳ್ಳುವುದೇ ಜಾಣತನ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ದೊಡ್ಡ ದೊಡ್ಡ ಹಡಗು ಕಂಪನಿಗಳು ಸೂಯೆಜ್ ಕಾಲುವೆ ಬಿಟ್ಟು, ಆಫ್ರಿಕಾದ ತುದಿ ಸುತ್ತಿಕೊಂಡು ಹೋಗತೊಡಗಿದವು. ಪ್ರಯಾಣ ಹತ್ತರಿಂದ ಹದಿನಾಲ್ಕು ದಿನ ಉದ್ದವಾಯಿತು. ಜೊತೆಗೆ ಬಂದರಿನಲ್ಲಿ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದರೆ ಇನ್ನೊಂದು ವಾರ ಹತ್ತು ದಿನ.

ನಮ್ಮ ಚಟ್ನಿಪುಡಿ 20 ದಿನ ತಡವಾಯಿತು ಎನ್ನಿ. ಮಾರಲು 60ರ ಬದಲು 40 ದಿನ. ಅಷ್ಟರಲ್ಲಿ ಹೋಗುವುದು 66 ಪೊಟ್ಟಣ, ಉಳಿಯುವುದು 30. ಈಗ ದುಡ್ಡಿನ ಲೆಕ್ಕ. ಪೊಟ್ಟಣವನ್ನು 2 ಯೂರೋಗೆ ಕೊಂಡು 3 ಯೂರೋಗೆ ಮಾರುತ್ತೀರಿ. ಆ 3ರಲ್ಲಿ ಆಹಾರದ ಮೇಲಿನ ಶೇ. 7 ತೆರಿಗೆ ಕಳೆದರೆ ನಿಮ್ಮ ಕೈಗೆ 2.80. ಎಲ್ಲ 96 ಮಾರಿದರೆ 269 ಯೂರೋ ಬರುತ್ತದೆ, ಕೊಂಡಿದ್ದು 192, ಲಾಭ 77. ಆದರೆ 66 ಮಾತ್ರ ಮಾರಿದರೆ ಬರುವುದು 185. ಹಾಕಿದ ಹಣಕ್ಕೇ 7 ಯೂರೋ ಕಡಿಮೆ! ಮೂರನೇ ಒಂದು ಭಾಗ ಉಳಿದರೆ ಪೂರ್ತಿ ಲಾಭ ಹೋಗಿ ಕೈಯಿಂದಲೂ ಕೊಡಬೇಕಾಗುತ್ತದೆ. ಅಂಗಡಿ ಬಾಡಿಗೆ, ಕರೆಂಟ್ ಇನ್ನೂ ಸೇರಿಸಿಲ್ಲ.

ಪರಿಹಾರವೂ ಈ ಲೆಕ್ಕದಲ್ಲೇ ಇದೆ. ಸರಕು ತಡವಾಗಿದೆ ಎಂದು ಗೊತ್ತಾದ ದಿನವೇ, ಕೊನೆ ದಿನಕ್ಕೆ ಕಾಯದೆ, 30 ಪೊಟ್ಟಣಕ್ಕೆ ಅರ್ಧ ಬೆಲೆಯ ಚೀಟಿ ಹಚ್ಚಿ. ಅದರಿಂದ 42 ಯೂರೋ ಬಂದರೂ ಒಟ್ಟು 35 ಯೂರೋ ಲಾಭದಲ್ಲಿ ಇರುತ್ತೀರಿ. ಅದಕ್ಕಾಗಿ ಸಾಮಾನು ಇಳಿಸಿಕೊಳ್ಳುವಾಗಲೇ ಪ್ರತಿ ಬಾಕ್ಸಿನ ಮೇಲೆ ದಪ್ಪ ಪೆನ್ನಿನಲ್ಲಿ ತಾರೀಖು ಬರೆಯಬೇಕು. ಮೊದಲು ಬಂದದ್ದನ್ನು ಮೊದಲು ಮಾರುವುದು ನಮ್ಮ ಕಿರಾಣಿ ಅಂಗಡಿಗಳ ರೂಢಿ. ಇಲ್ಲಿ ಅದು ಸಾಲದು. ಆಮೇಲೆ ಬಂದ ಬಾಕ್ಸಿನ ತಾರೀಖು ಕೆಲವೊಮ್ಮೆ ಮೊದಲು ಬಂದದ್ದಕ್ಕಿಂತ ಹತ್ತಿರವಿರುತ್ತದೆ. ಮೊದಲು ಮುಗಿಯುವುದು ಮೊದಲು ಹೊರಗೆ ಹೋಗಬೇಕು.

"ಬೆಸ್ಟ್ ಬಿಫೋರ್" ಬೇರೆ, "ಯೂಸ್ ಬೈ" ಬೇರೆ

ಇದು ಬಹಳ ಜನಕ್ಕೆ ಗೊತ್ತಿಲ್ಲದ ಸೂಕ್ಷ್ಮ. ಯುರೋಪಿನಲ್ಲಿ ಎರಡು ಬಗೆಯ ತಾರೀಖುಗಳಿವೆ. ಒಂದು, ಈ ದಿನದವರೆಗೆ ರುಚಿ ಗುಣ ಚೆನ್ನಾಗಿರುತ್ತದೆ ಎನ್ನುವ "ಬೆಸ್ಟ್ ಬಿಫೋರ್". ಜರ್ಮನಿಯಲ್ಲಿ ಇದು ದಾಟಿದ ಮೇಲೂ, ಸಾಮಾನು ಚೆನ್ನಾಗಿದ್ದರೆ, ಅಂಗಡಿಯವರು ತಮ್ಮ ಜವಾಬ್ದಾರಿಯ ಮೇಲೆ ಮಾರಬಹುದು. ಗ್ರಾಹಕರಿಗೆ ತಾರೀಖು ದಾಟಿದೆ ಎಂದು ಕಾಣುವಂತೆ ಬೇರೆ ಬುಟ್ಟಿಯಲ್ಲಿ ಇಟ್ಟರೆ ಒಳ್ಳೆಯದು. ಇನ್ನೊಂದು "ಯೂಸ್ ಬೈ". ಇದು ಬೇಗ ಕೆಡುವ ಪದಾರ್ಥಗಳಿಗೆ. ಈ ತಾರೀಖು ದಾಟಿದರೆ ಅದನ್ನು ಅಸುರಕ್ಷಿತ ಆಹಾರವೆಂದೇ ಕಾನೂನು ಹಿಡಿಯುತ್ತದೆ, ಮಾರುವಂತೆಯೇ ಇಲ್ಲ.

ಗೊಂದಲ ಇರುವುದು ಇಲ್ಲಿ. ನಮ್ಮ ದೇಶದ 2020ರ ಲೇಬಲ್ ನಿಯಮದಂತೆ ಪೊಟ್ಟಣದ ಮೇಲೆ "ಎಕ್ಸ್‌ಪೈರಿ" ಅಥವಾ "ಯೂಸ್ ಬೈ" ತಾರೀಖು ಕಡ್ಡಾಯ, "ಬೆಸ್ಟ್ ಬಿಫೋರ್" ಹಾಕುವುದು ಅವರವರ ಇಷ್ಟ. ಹಾಗಾಗಿ ಒಣ ರವೆಯ ಮೇಲೂ ನಮ್ಮಲ್ಲಿ "ಯೂಸ್ ಬೈ" ಎಂದು ಇರಬಹುದು. ಅದನ್ನು ಹಾಗೇ ಜರ್ಮನ್ ಭಾಷೆಗೆ ತಿರುಗಿಸಿ ಸ್ಟಿಕ್ಕರ್ ಹಚ್ಚಿದರೆ ನಿಮ್ಮ ಕೈ ನೀವೇ ಕಟ್ಟಿಹಾಕಿಕೊಂಡಂತೆ. ರಫ್ತಿಗೆಂದೇ ಪ್ಯಾಕ್ ಮಾಡುವಾಗ ತಯಾರಕರಿಂದಲೇ "ಬೆಸ್ಟ್ ಬಿಫೋರ್" ತಾರೀಖು ಮುದ್ರಿಸಿಕೊಳ್ಳಬೇಕು. "ಪ್ಯಾಕ್ ಮಾಡಿದ ದಿನದಿಂದ ಆರು ತಿಂಗಳು" ಎಂಬ ನಮ್ಮ ಹಳೆಯ ಬರಹ ಅಲ್ಲಿ ನಡೆಯುವುದಿಲ್ಲ. ತಿಂಗಳು, ಇಸವಿ ನೇರವಾಗಿ ಕಾಣಬೇಕು. ಅಚ್ಚಾದ ತಾರೀಖಿನ ಮೇಲೆ ಸ್ಟಿಕ್ಕರ್ ಅಂಟಿಸಿ ಅವಧಿ ಮುಂದೂಡುವ ಆಟವಂತೂ ಬೇಡವೇ ಬೇಡ.

ಅದೇ ಸ್ಟಿಕ್ಕರಿನಲ್ಲಿ ಪದಾರ್ಥಗಳ ಪಟ್ಟಿ ಜರ್ಮನ್ ಭಾಷೆಯಲ್ಲಿರಬೇಕು, ಆಮದು ಮಾಡಿದವರ ಯುರೋಪಿನ ವಿಳಾಸವಿರಬೇಕು. ಅಲರ್ಜಿ ತರುವ ಹದಿನಾಲ್ಕು ಬಗೆಯ ಪದಾರ್ಥಗಳನ್ನು ಎದ್ದು ಕಾಣುವಂತೆ ಬರೆಯಬೇಕು. ಆ ಪಟ್ಟಿಯಲ್ಲಿ ಎಳ್ಳು, ಸಾಸಿವೆ, ಕಡಲೆಬೀಜ, ಗೋಧಿ, ಹಾಲು ಎಲ್ಲ ಇವೆ. ನಮ್ಮ ಹುಳಿಪುಡಿಯಲ್ಲಿ ಗೋಧಿ ಎಲ್ಲಿಂದ ಬಂತು ಅಂತೀರಾ? ಇಂಗಿನಿಂದ! ಅಂಗಡಿಯ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಸಾರಿನ ಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು ಎಲ್ಲಕ್ಕೂ ಇದು ಅನ್ವಯ. ಗೋಧಿ ಒಗ್ಗದವರಿಗೆ ಇದು ನಿಜಕ್ಕೂ ಆರೋಗ್ಯದ ಪ್ರಶ್ನೆ.

ತುಪ್ಪ ಇದ್ದರೆ ಗಡಿ ದಾಟದು

ಮೈಸೂರ್ ಪಾಕ್ ಇಲ್ಲದ ಕನ್ನಡದ ಅಂಗಡಿಯೇ? ಆದರೆ ಬೆಂಗಳೂರಿನಿಂದ ಕಳಿಸುವಂತಿಲ್ಲ. ಭಾರತದ ಹಾಲು, ತುಪ್ಪ, ಪನೀರ್, ಖೋವಾವನ್ನು ಯುರೋಪ್ ಒಕ್ಕೂಟ ಒಳಗೆ ಬಿಡುವುದಿಲ್ಲ. 2021ರ ಏಪ್ರಿಲ್‌ನಿಂದ ಹಾಲಿನ ಅಂಶ ಬೆರೆತ ತಯಾರಿ ತಿಂಡಿಗಳ ಮೇಲೂ ನಿಯಮ ಬಿಗಿಯಾಗಿದೆ. ಹಾಲಿನ ಪುಡಿ ಒಂದು ಚಿಟಿಕೆ ಬಿದ್ದ ಬಿಸ್ಕತ್ತಿಗೂ, ಬಾದಾಮಿ ಹಾಲಿನ ಪುಡಿಗೂ ಆ ಹಾಲು ಯಾವ ದೇಶದ್ದು ಎಂಬ ಪ್ರಶ್ನೆ ಬರುತ್ತದೆ. ಸಿಹಿತಿಂಡಿ ಪಾರ್ಸೆಲ್ ಮಾಡಿ ಮಾರೋಣ ಎಂಬ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ. ಪ್ರಯಾಣಿಕರ ಸೂಟ್‌ಕೇಸಿನಲ್ಲೂ ಹಾಲಿನ ಪದಾರ್ಥ ಒಯ್ಯುವಂತಿಲ್ಲ.

ಹಾಗೆಂದು ನಿರಾಶೆ ಬೇಡ. ಜರ್ಮನಿಯಲ್ಲಿ ಒಳ್ಳೆಯ ಬೆಣ್ಣೆಗೆ ಬರವೇ? ಅಲ್ಲಿಯ ಬೆಣ್ಣೆ ಕಾಯಿಸಿದ ತುಪ್ಪ ಹೋಲ್‌ಸೇಲ್‌ನಲ್ಲೇ ಸಿಗುತ್ತದೆ. ಅದರಲ್ಲಿ ಮೈಸೂರ್ ಪಾಕ್ ಅಲ್ಲೇ ಮಾಡಿ ಮಾರಬಹುದು. ಆದರೆ ಬಿಡಿ ಆಹಾರ ಮುಟ್ಟುವವರಿಗೆ ಅಲ್ಲಿನ ಆರೋಗ್ಯ ಕಚೇರಿ ಕೊಡುವ ತಿಳಿವಳಿಕೆ ಪತ್ರ ಬೇಕು, ಅಡುಗೆ ಜಾಗಕ್ಕೆ ತಪಾಸಣೆಯವರ ಒಪ್ಪಿಗೆ ಬೇಕು. ಬರೀ ಪ್ಯಾಕ್ ಆದ ಸಾಮಾನು ಮಾರುವವರಿಗೆ ಈ ರಗಳೆ ಇಲ್ಲ. ಮೊದಲ ವರ್ಷ ಅಂಗಡಿ, ಆಮೇಲೆ ಸಿಹಿ ಎಂದು ನಾವು ಬರೆದುಕೊಂಡಿದ್ದು ಅದಕ್ಕೇ.

ಫಿಲ್ಟರ್ ಕಾಫಿಗೆ ಇನ್ನೊಂದು ಅಡ್ಡಿ. ಜರ್ಮನಿಯಲ್ಲಿ ಕಾಫಿಗೇ ಪ್ರತ್ಯೇಕ ತೆರಿಗೆ ಇದೆ. ಹುರಿದ ಕಾಫಿಗೆ ಕೆಜಿಗೆ 2.19 ಯೂರೋ! ಚಿಕೋರಿ ಬೆರೆಸಿದ ಪುಡಿಗೂ ಕಾಫಿಯ ಪ್ರಮಾಣ ನೋಡಿ ತೆರಿಗೆ ಹಾಕುತ್ತಾರೆ. ಅದು ಸಾಲದೆಂಬಂತೆ ಪುಡಿ ಮಾಡಿದ ಕಾಫಿಯ ಘಮ ತಿಂಗಳುಗಳ ಹಡಗಿನ ಪ್ರಯಾಣದಲ್ಲಿ ಸೋರಿಹೋಗುತ್ತದೆ. ಆದ್ದರಿಂದ ತೆರಿಗೆ ಕಟ್ಟಿ ತಂದ ಹೋಲ್‌ಸೇಲ್‌ನವರಿಂದ ಸ್ವಲ್ಪ ಸ್ವಲ್ಪವೇ, ಹೊಸ ತಾರೀಖಿನದು ಮಾತ್ರ ಕೊಳ್ಳಬೇಕು.

ನುಗ್ಗೆಕಾಯಿ, ಬೆಂಡೆಕಾಯಿಯಂಥ ಹಸಿ ಸಾಮಾನು ವಿಮಾನದಲ್ಲಿ ಬರುತ್ತದೆ. 2019ರ ಡಿಸೆಂಬರ್ 14ರಿಂದ ಬಾಳೆ, ತೆಂಗು, ಅನಾನಸ್, ಖರ್ಜೂರ, ಡುರಿಯನ್ ಬಿಟ್ಟು ಉಳಿದೆಲ್ಲ ತಾಜಾ ಹಣ್ಣು ತರಕಾರಿಗೆ ರೋಗಕೀಟ ಇಲ್ಲವೆಂಬ ಸರ್ಟಿಫಿಕೇಟ್ ಕಡ್ಡಾಯ. ಹಸಿ ಸಾಮಾನು ಹೆಚ್ಚು ದಿನ ಇಡಲಾಗದು. ವಾಟ್ಸ್ಯಾಪ್ ಗುಂಪಿನಲ್ಲಿ ಬುಧವಾರದೊಳಗೆ ಆರ್ಡರ್ ತೆಗೆದುಕೊಂಡು, ಅಷ್ಟನ್ನೇ ತರಿಸಿ, ಶನಿವಾರ ಕೊಟ್ಟು ಮುಗಿಸಿದರೆ ನಷ್ಟವಿಲ್ಲ.

ತಾರೀಖು ಇದ್ದರೂ ಕೆಟ್ಟಿದೆಯೇ?

ತಾರೀಖು ಒಂದು ಭರವಸೆ ಅಷ್ಟೇ, ದಾರಿಯಲ್ಲಿ ಏನಾಯಿತೆಂದು ಅದು ಹೇಳುವುದಿಲ್ಲ. ಚೆನ್ನೈನ ಸೆಕೆಯಲ್ಲಿ ಮುಚ್ಚಿದ ಕಂಟೇನರ್ ಉತ್ತರದ ಚಳಿಗೆ ಹೋದಾಗ ಒಳಗಿನ ತೇವವೆಲ್ಲ ಚಾವಣಿಗೆ ಹನಿಗಟ್ಟಿ ಸಾಮಾನಿನ ಮೇಲೆ ಮಳೆಯಂತೆ ತೊಟ್ಟಿಕ್ಕುತ್ತದೆ. ತೇವ ಹೀರುವ ಚೀಲಗಳನ್ನು ಒಳಗೆ ತೂಗುಹಾಕಲು ಹೇಳಬೇಕು. ಬಾಕ್ಸ್ ಕೈಗೆ ಬಂದಾಗ ರಟ್ಟು ಅಲೆಯಲೆಯಾಗಿ ಉಬ್ಬಿದೆಯೇ, ನೀರಿನ ಕಲೆ ಇದೆಯೇ ನೋಡಿ. ಅಂಥ ಬಾಕ್ಸಿನ ಫೋಟೋ ತೆಗೆದು, ಸಹಿ ಹಾಕುವ ಮುಂಚೆಯೇ ಡೆಲಿವರಿ ಚೀಟಿಯಲ್ಲಿ ಬರೆಸಿ. ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಉಳಿದದ್ದು ಅಡುಗೆಮನೆಯ ಅನುಭವವೇ. ಪ್ರತಿ ಲಾಟಿನಿಂದ ಒಂದು ಪೊಟ್ಟಣ ಒಡೆಯಿರಿ. ರವೆಯಲ್ಲಿ ಸಣ್ಣ ಬಲೆಯಂತೆ ಎಳೆ ಹಿಡಿದು ಉಂಡೆಯಾಗಿದ್ದರೆ ಹುಳು ಬಂದಿದೆ. ಬೇಳೆಯಲ್ಲಿ ತೂತು, ಚೀಲದ ತಳದಲ್ಲಿ ನುಣುಪು ಹುಡಿ ಇದ್ದರೂ ಅಷ್ಟೇ. ಅದನ್ನು ಒಂದೇ ದಿನದಲ್ಲಿ ಹೊರಗೆ ಸಾಗಿಸದಿದ್ದರೆ ಇಡೀ ಶೆಲ್ಫಿಗೆ ಹರಡುತ್ತದೆ. ಚಟ್ನಿಪುಡಿಯ ಕೊಬ್ಬರಿ ಕಮಟು ವಾಸನೆ ಬಂದಿದೆಯೇ ಮೂಸಿ ನೋಡಿ. ಬೆಲ್ಲ ಬೆವೆತು ಪೊಟ್ಟಣ ಅಂಟಾಗಿದ್ದರೆ ಮುದ್ರೆ ಬಿಟ್ಟಿದೆ ಎಂದರ್ಥ. ಬ್ಯಾಡಗಿಯ ಕಡುಗೆಂಪು ಮಾಸಿ ಕಂದಾಗಿದ್ದರೆ ಹಳೆಯ ಮಾಲು. ಸೀಳಿದರೆ ಒಳಗೆ ಬೂದು ಬೂಷ್ಟು ಕಂಡರೆ ಆ ಚೀಲ ಮುಟ್ಟಲೇಬೇಡಿ.

ಇಲ್ಲಿರುವ ನೀವು ಏನು ಮಾಡಬಹುದು?

ಇಲ್ಲಿಂದ ಸಾಮಾನು ಕಟ್ಟಿ ಕಳಿಸುವುದಕ್ಕಿಂತ ದೊಡ್ಡ ಸಹಾಯ ಬೇರೆ ಇದೆ. ಒಳ್ಳೆಯ ಹುಳಿಪುಡಿ, ಬನ್ಸಿ ರವೆ ಮಾಡುವವರ ಬಳಿ ಹೋಗಿ ಈ ವಿಚಾರ ಕೇಳಿ ಬರೆದುಕೊಳ್ಳಿ. ಅವರಿಗೆ ಆಹಾರ ಇಲಾಖೆಯ ಲೈಸೆನ್ಸ್, ರಫ್ತಿನ ಕೋಡ್ ನಂಬರ್ ಇದೆಯೇ? ಮಸಾಲೆಯಾದರೆ ಸ್ಪೈಸಸ್ ಬೋರ್ಡಿನ ರಫ್ತುದಾರರ ನೋಂದಣಿ ಇದೆಯೇ? ತಮಗೇ ಇಲ್ಲದಿದ್ದರೆ ಇರುವ ರಫ್ತುದಾರರ ಮೂಲಕ ಕಳಿಸುತ್ತಾರೆಯೇ? ಪುಡಿಗೆ ಬಿದ್ದ ಪ್ರತಿ ಪದಾರ್ಥವನ್ನೂ, ಇಂಗಿನ ಒಳಗಿನ ಹಿಟ್ಟನ್ನೂ ಸೇರಿಸಿ, ಬರೆದುಕೊಡುತ್ತಾರೆಯೇ? ಕೀಟನಾಶಕ, ಅಫ್ಲಾಟಾಕ್ಸಿನ್, ಎಥಿಲೀನ್ ಆಕ್ಸೈಡ್ ಪರೀಕ್ಷೆಯ ವರದಿ ಇದೇ ಲಾಟಿನದ್ದೇ? ಹೋದ ವರ್ಷದ ವರದಿಯ ಜೆರಾಕ್ಸ್ ತೋರಿಸಿದರೆ ಅದು ಲೆಕ್ಕಕ್ಕಿಲ್ಲ.

ಎಲ್ಲಕ್ಕಿಂತ ಮುಖ್ಯ, ಕಂಟೇನರ್ ತುಂಬುವ ದಿನ ಗೊತ್ತಾದ ಮೇಲೆಯೇ ಪುಡಿ ಕುಟ್ಟಿಸಿ ಪ್ಯಾಕ್ ಮಾಡಿಸಿ. ಗೋದಾಮಿನಲ್ಲಿ ಮೊದಲೇ ಮಾಡಿಟ್ಟ ಮಾಲು ಬೇಡ ಎಂದು ಗಟ್ಟಿಯಾಗಿ ಹೇಳಿ. ನಾವು ಹಾಕಿದ 90 ದಿನದಲ್ಲಿ ತಯಾರಕರ ಬಳಿ ಕೂರುವ 15 ದಿನವನ್ನು 5ಕ್ಕೆ ಇಳಿಸಿದರೆ ಅಲ್ಲಿ ಮಾರಾಟಕ್ಕೆ 10 ದಿನ ಹೆಚ್ಚು ಸಿಗುತ್ತದೆ. ಅಷ್ಟರಲ್ಲಿ ಇನ್ನೂ ಹದಿನಾರು ಪೊಟ್ಟಣ ಮಾರಾಟವಾಗುತ್ತದೆ. ಹಡಗಿನ ವೇಗ ನಮ್ಮ ಕೈಯಲ್ಲಿಲ್ಲ, ಸಮುದ್ರದ ಮೇಲಿನ ಜಗಳಗಳೂ ನಮ್ಮ ಕೈಯಲ್ಲಿಲ್ಲ. ಇಲ್ಲಿಯ ಪುಡಿ ಅಂಗಡಿಗೆ ಹೋಗಿ ಪ್ಯಾಕಿಂಗ್ ತಾರೀಖು ನೋಡಿಕೊಂಡು ಬರುವುದು ಮಾತ್ರ ಅಮ್ಮಂದಿರ ಕೈಯಲ್ಲೇ ಇದೆ.